ಗ್ರೂಪಿನಲ್ಲಿ ತಲೆಬುಡವಿಲ್ಲದ ಮೆಸೇಜು ಬಂದರೆ: ಎಲ್ಲರೆದುರು ಹೇಳೋದಾ, ಪಕ್ಕಕ್ಕೆ ಕರೆದು ಕೇಳೋದಾ?

ನಮ್ಮದು ಮೈಸೂರಿನಲ್ಲಿ ಎರಡು ಬ್ಲಾಕಿನ ಅಪಾರ್ಟ್‌ಮೆಂಟು. ವಾಟ್ಸಾಪ್ ಗ್ರೂಪಿನಲ್ಲಿ ನೂರಕ್ಕೂ ಹೆಚ್ಚು ಜನ ಇದ್ದಾರೆ, ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ 7.10ಕ್ಕೆ ಬಿ ಬ್ಲಾಕಿನ ಮೇಷ್ಟ್ರು ಹಾಕಿದ ಮೆಸೇಜು ಇದು:

"ಸಂಪು ತೊಳೆಯೋ ಊರು ಕೆಳಗೆ ಇಳಿದಿದ್ದಾರೆ ಮೋಟರ್ ಹಾಕಿ ಬೇಗ ಸ್ವಲ್ಪ ಹೊತ್ತು ಬೀ ಬ್ಲಾಕು"

ಅದರ ಮೇಲೆ ಮೂರು ಗುಡ್ ಮಾರ್ನಿಂಗ್ ಹೂವು, ಕೆಳಗೆ ಯಾರದೋ ಕಾರು ತೆಗೆಯಿರಿ ಅನ್ನೋ ಫೋಟೋ. ಒಂದೇ ನಿಮಿಷದಲ್ಲಿ ಮೂರನೇ ಮಹಡಿಯ ಹುಡುಗ "ಆಯ್ತು ಸಾರ್, ಹಾಕ್ತೀನಿ" ಅಂತ ಉತ್ತರ ಕೊಟ್ಟ. ನಮ್ಮ ಮೋಟರಿನ ಸ್ವಿಚ್ಚು ಮೆಟ್ಟಿಲ ಕೆಳಗೆ ಇರೋದು, ಯಾರು ಬೇಕಾದರೂ ಒತ್ತಬಹುದು.

ಇಂಥ ಮೆಸೇಜು ಕಂಡಾಗ ಏನು ಮಾಡಬೇಕು ಅನ್ನೋದನ್ನ ಈ ಒಂದು ಬೆಳಿಗ್ಗೆಯನ್ನೇ ಹಿಡಿದುಕೊಂಡು ಹೇಳುತ್ತೇನೆ. ಉಳಿದ ಸಂದರ್ಭಗಳು ನಡುನಡುವೆ ಬರುತ್ತವೆ.

ಒಂದು: ಮೆಸೇಜು ಹೇಗೆ ಕೆಟ್ಟಿದೆ ಅಂತ ನೋಡಿ

ಕೆಟ್ಟ ಮೆಸೇಜನ್ನ ಜೋರಾಗಿ ಓದಿ. ಕಣ್ಣಿಗೆ ಕಾಣದ್ದು ಎಷ್ಟೋ ಸಲ ಕಿವಿಗೆ ಸಿಗುತ್ತದೆ. "ತೊಳೆಯೋ ಊರು" ಅಂತ ಗಟ್ಟಿಯಾಗಿ ಅಂದುಕೊಂಡ ತಕ್ಷಣ ಅದು "ತೊಳೆಯೋರು" ಅಂತ ಹೊಳೆಯುತ್ತದೆ. ಪದಗಳೆಲ್ಲ ಕಾಗುಣಿತ ಸರಿಯಿರೋ ನಿಜವಾದ ಕನ್ನಡ ಪದಗಳು, ಆದರೆ ವಾಕ್ಯಕ್ಕೆ ಮಾತ್ರ ಅರ್ಥವಿಲ್ಲ ಅಂದರೆ ಅದು ವಾಯ್ಸ್ ಟೈಪಿಂಗಿನ ಕೆಲಸ. ನಾವು ಮಾತಾಡುವಾಗ ಪದಗಳನ್ನ ನುಂಗಿ ಜೋಡಿಸುತ್ತೇವೆ, ಹಾಕಬೇಡಿ ಅನ್ನೋದು ಹಾಕ್ಬೇಡಿ ಆಗುತ್ತದೆ. ಫೋನು ಆ ಶಬ್ದವನ್ನ ತನಗೆ ಗೊತ್ತಿರೋ ಪದಗಳಾಗಿ ಒಡೆದು ಬರೆಯುತ್ತದೆ. ಹಾಗಾಗಿಯೇ "ಹಾಕ್ಬೇಡಿ" ಅನ್ನೋದು "ಹಾಕಿ ಬೇಗ" ಆಗಿ ಬಂದದ್ದು. ಅರ್ಥ ತಪ್ಪಿದ್ದು ಮಾತ್ರವಲ್ಲ, ಪೂರ್ತಿ ತಿರುಗುಮುರುಗಾಗಿದೆ.

ಅನುಮಾನ ಬರಬೇಕಾದದ್ದು ಎಲ್ಲಿ ಅಂದರೆ, "ಬೇಗ" ಮತ್ತು "ಸ್ವಲ್ಪ ಹೊತ್ತು" ಎರಡೂ ಒಂದೇ ಕಡೆ ಕೂರುವುದಿಲ್ಲ. ಬೇಗ ಹಾಕಿ ಅನ್ನೋರು ಸ್ವಲ್ಪ ಹೊತ್ತು ಅಂತ ಯಾಕೆ ಸೇರಿಸುತ್ತಾರೆ? "ಸ್ವಲ್ಪ ಹೊತ್ತು ಹಾಕ್ಬೇಡಿ" ಅಂದರೆ ಸರಿಯಾಗಿ ಕೂರುತ್ತದೆ. ಜೊತೆಗೆ "ಇಳಿದಿದ್ದಾರೆ" ಅಂತಿದೆ, ಅಂದರೆ ಯಾರೋ ಮನುಷ್ಯರು ಸಂಪಿನೊಳಗೆ ಇದ್ದಾರೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ರೋಗ ಬೇರೆ. ಅಲ್ಲಿ ದೀರ್ಘ, ಹ್ರಸ್ವ, ಲಕಾರ, ಳಕಾರ ಎಲ್ಲ ಎಷ್ಟೋ ಸಲ ಒಂದೇ ಥರ ಕಾಣುತ್ತವೆ. `kaalu` ಅನ್ನೋದು ಕಾಲೋ ಕಾಳೋ, `halli` ಅಂದರೆ ಹಲ್ಲಿಯೋ ಹಳ್ಳಿಯೋ ಅಂತ ಊಹಿಸಬೇಕು. ಸಾಲದ್ದಕ್ಕೆ ಆಟೋಕರೆಕ್ಟ್ ಬಂದು `nale` ಅಂತ ಹೊಡೆದದ್ದನ್ನ `male` ಮಾಡಿಬಿಟ್ಟರೆ ನಾಳೆ ಅನ್ನೋದು ಮಳೆ ಆಗಿಹೋಗುತ್ತದೆ. ಇಲ್ಲಿ ಕಿವಿಗಿಂತ ಕೀಲಿಮಣೆ ಉಪಯೋಗಕ್ಕೆ ಬರುತ್ತದೆ. ತಪ್ಪು ಅಕ್ಷರದ ಪಕ್ಕದಲ್ಲಿ ಯಾವ ಅಕ್ಷರ ಇದೆ ನೋಡಿ.

ಮೂರನೆಯದು `PÀ£ÀßqÀ` ಥರ ಬರುವ ಮೆಸೇಜು. ಇದು ಯಾರ ಕೈತಪ್ಪೂ ಅಲ್ಲ. ಹಳೇ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಫೈಲಿನಿಂದ ಕಾಪಿ ಮಾಡಿ ಹಾಕಿದ್ದಾರೆ ಅಷ್ಟೆ. ಆ ಫೈಲಿನಲ್ಲಿ ಅಕ್ಷರದ ಜಾಗದಲ್ಲಿ ಇರೋದು ಲ್ಯಾಟಿನ್ ಚಿಹ್ನೆಗಳೇ, ಫಾಂಟು ಅದರ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಫೋನಿನಲ್ಲಿ ಆ ಫಾಂಟು ಇಲ್ಲ, ಹಾಗಾಗಿ ಒಳಗಿನದು ಬಯಲಾಗುತ್ತದೆ. ಮೇಲಿನ ಉದಾಹರಣೆ ನುಡಿಯಲ್ಲಿ "ಕನ್ನಡ" ಅಂತ ತೋರುತ್ತದೆ. ಇದಕ್ಕೆ ಪಕ್ಕಕ್ಕೆ ಕರೆಯುವ ಮುಜುಗರವೇನೂ ಬೇಡ. "ಸಾರ್, ನುಡಿಯಲ್ಲಿದ್ದದ್ದು ಫೋನಲ್ಲಿ ಕಾಣ್ತಿಲ್ಲ, ಯುನಿಕೋಡ್ ಮಾಡಿ ಹಾಕಿ, ಇಲ್ಲಾಂದ್ರೆ ಪಿಡಿಎಫ್ ಕಳಿಸಿ" ಅಂತ ಗ್ರೂಪಿನಲ್ಲೇ ಹೇಳಬಹುದು. ಉಳಿದವರಿಗೂ ಅದು ಕಂಡಿರೋದಿಲ್ಲ.

ಎರಡು: ಸುಮ್ಮನಿದ್ದರೆ ನಷ್ಟ ಯಾರಿಗೆ?

ಗ್ರೂಪಿನಲ್ಲೋ ಖಾಸಗಿಯಾಗೋ ಅನ್ನೋದನ್ನ ಈ ಒಂದು ಪ್ರಶ್ನೆಯೇ ತೀರ್ಮಾನಿಸುತ್ತದೆ ಅಂತ ನನ್ನ ಅಭಿಪ್ರಾಯ. ತಪ್ಪಾಗಿ ಓದಿಕೊಂಡವರು ಅದನ್ನ ನಂಬಿ ಏನಾದರೂ ಮಾಡಿಬಿಡಬಹುದೇ? ಹಾಗಿದ್ದರೆ ಎಲ್ಲರೆದುರು ಹೇಳಬೇಕು, ಈಗಲೇ ಹೇಳಬೇಕು. ಯಾರೂ ಏನೂ ಮಾಡುವುದಿಲ್ಲ, ನಾಲ್ಕು ಜನ ನಗುತ್ತಾರೆ ಅಷ್ಟೆ ಅನ್ನುವಂತಿದ್ದರೆ ಅದು ಬರೆದವರಿಗೆ ಮಾತ್ರ ಸಂಬಂಧಪಟ್ಟದ್ದು, ಪಕ್ಕಕ್ಕೆ ಹೇಳಿ.

ಹುಡುಗ ಮೋಟರು ಹಾಕಲು ಮೆಟ್ಟಿಲು ಇಳಿಯುತ್ತಿರಬಹುದು. ನೀರಿನಲ್ಲಿ ಜನ ನಿಂತಿದ್ದಾರೆ, ಸಂಪಿನೊಳಗೆ ಇರೋದು ಸಬ್‌ಮರ್ಸಿಬಲ್ ಪಂಪು. ಅದರ ವೈರು ಎಲ್ಲಾದರೂ ಸೀಳಿದ್ದರೆ ಮುಂದಿನದು ಹೇಳಬೇಕಿಲ್ಲ. ಮೇಷ್ಟ್ರ ಮರ್ಯಾದೆ ಇಲ್ಲಿ ಎರಡನೇ ಮಾತು. ಹಾಗಂತ ಅವರ ಮರ್ಯಾದೆ ತೆಗೆಯಬೇಕಾದ ಅಗತ್ಯವೂ ಇರಲಿಲ್ಲ, ಅದಕ್ಕೆ ಬರುತ್ತೇನೆ.

ಮೂರು: ಅರ್ಥ ಖಚಿತವಾಗುವ ಮೊದಲೇ ಒಂದು ತಡೆ ಸಾಲು

ತುಂಬಾ ಜನ ಎಡವುವುದು ಇಲ್ಲಿ. ಮೊದಲು ಮೇಷ್ಟ್ರಿಗೆ ಫೋನು ಮಾಡಿ ಕೇಳೋಣ, ಆಮೇಲೆ ಗ್ರೂಪಿಗೆ ಹೇಳೋಣ ಅಂದುಕೊಳ್ಳುತ್ತಾರೆ. ಫೋನು ಎಂಗೇಜ್ ಬಂದರೆ? ನನ್ನ ಓದು ತಪ್ಪಿರಲೂಬಹುದಿತ್ತು, ಮೇಷ್ಟ್ರು ನಿಜವಾಗಿಯೂ ಮೋಟರು ಹಾಕಿ ಅಂತಲೇ ಹೇಳಿರಬಹುದಿತ್ತು. ಆದರೆ ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಹಾಕಬೇಕಾದ ಮೋಟರು ಹಾಕದಿದ್ದರೆ ನಲ್ಲಿಯಲ್ಲಿ ಅರ್ಧ ಗಂಟೆ ನೀರು ಬರುವುದಿಲ್ಲ. ಹಾಕಬಾರದ ಮೋಟರು ಹಾಕಿದರೆ ವಾಪಸ್ಸು ತರಲಾಗದ್ದು ಆಗಬಹುದು. ಆದ್ದರಿಂದ ಅರ್ಥ ಗೊತ್ತಿಲ್ಲದಿದ್ದರೂ ತಡೆಯಬಹುದು. 7.12ಕ್ಕೆ ಹಾಕಿದ್ದು ಇಷ್ಟು:

"ಬಿ ಬ್ಲಾಕ್ ಮೋಟರ್ ಯಾರೂ ಹಾಕಬೇಡಿ. ಸಂಪಿನಲ್ಲಿ ಜನ ಇದ್ದಾರೆ. ವಿಚಾರಿಸಿ ಐದು ನಿಮಿಷದಲ್ಲಿ ಹೇಳ್ತೀನಿ."

ಇದರಲ್ಲಿ ಏನಿಲ್ಲ ಅಂತ ಗಮನಿಸಿ. ಮೇಷ್ಟ್ರ ಹೆಸರಿಲ್ಲ, "ಮೆಸೇಜು ತಪ್ಪಾಗಿದೆ" ಅನ್ನೋದಿಲ್ಲ, ನಗುವ ಮುಖ ಇಲ್ಲ. ಕೆಲಸಕ್ಕೆ ಸಂಬಂಧಪಟ್ಟ ಮಾತು ಮೊದಲು, ಕಾರಣ ಆಮೇಲೆ. ಗದ್ದಲದ ಗ್ರೂಪಿನಲ್ಲಿ ಜನ ಓದುವುದು ನೋಟಿಫಿಕೇಶನ್ನಿನ ಮೊದಲ ಐದಾರು ಪದ ಮಾತ್ರ, ಹಾಗಾಗಿ "ಎಲ್ಲರಿಗೂ ನಮಸ್ಕಾರ, ಒಂದು ವಿಷಯ ಗಮನಕ್ಕೆ ತರಬಯಸುತ್ತೇನೆ" ಅಂತ ಶುರು ಮಾಡಿದರೆ ಕೆಟ್ಟಿತು. "ಐದು ನಿಮಿಷದಲ್ಲಿ" ಅನ್ನೋದನ್ನ ಬೇಕಂತಲೇ ಹಾಕಿದ್ದು, ಇಲ್ಲದಿದ್ದರೆ ಏನಾಯ್ತು ಏನಾಯ್ತು ಅಂತ ಹತ್ತು ಮೆಸೇಜು ಬಂದು ನಿಮ್ಮ ಸಾಲು ಮೇಲಕ್ಕೆ ಓಡಿಹೋಗುತ್ತದೆ.

ಇನ್ನೊಂದು ಮಾತು. ಇದನ್ನ ಮೇಷ್ಟ್ರ ಮೆಸೇಜಿಗೆ ರಿಪ್ಲೈ ಆಗಿ ಹಾಕಲಿಲ್ಲ, ಹೊಸದಾಗಿ ಹಾಕಿದೆ. ಬಲಕ್ಕೆ ಎಳೆದು ರಿಪ್ಲೈ ಮಾಡಿದರೆ ಅವರ ಕೆಟ್ಟ ವಾಕ್ಯ ನಿಮ್ಮ ಮೆಸೇಜಿನ ತಲೆಯ ಮೇಲೆ ಕೋಟ್ ಆಗಿ ಕೂರುತ್ತದೆ. ಆಮೇಲೆ ಅವರು ತಮ್ಮದನ್ನ ಡಿಲೀಟ್ ಮಾಡಿದರೂ ನಿಮ್ಮ ಕೋಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಅಲ್ಲದೆ ನೋಡಿದವರ ಕಣ್ಣಿಗೆ ಮತ್ತೊಮ್ಮೆ "ಮೋಟರ್ ಹಾಕಿ ಬೇಗ" ಅಂತಲೇ ಬೀಳುತ್ತದೆ.

ಮೆಸೇಜು ಹಾಕಿ ಸುಮ್ಮನೆ ಕೂರುವ ಹಾಗೂ ಇರಲಿಲ್ಲ. ವಾಚ್‌ಮನ್‌ಗೆ ಫೋನು ಮಾಡಿ ಮೋಟರಿನ ಎಂಸಿಬಿ ಕೆಳಗಿಳಿಸಲು ಹೇಳಿದೆ. ಗ್ರೂಪ್ ನೋಡದವರೂ ಸ್ವಿಚ್ಚು ಒತ್ತುತ್ತಾರಲ್ಲ.

ನಾಲ್ಕು: ಈಗ ಬರೆದವರನ್ನ ಕೇಳಿ, ಹೌದು ಅಲ್ಲ ಅನ್ನುವ ಹಾಗೆ

"ಏನ್ ಸಾರ್ ಬರೆದಿದೀರಿ, ಒಂದೂ ಅರ್ಥ ಆಗ್ಲಿಲ್ಲ" ಅಂದರೆ ಎಪ್ಪತ್ತು ದಾಟಿದವರು ಮೊದಲು ಕನ್ನಡಕ ಹುಡುಕುತ್ತಾರೆ, ಆಮೇಲೆ ಮೆಸೇಜು ಹುಡುಕುತ್ತಾರೆ, ಕೊನೆಗೆ ಬೇಜಾರು ಮಾಡಿಕೊಳ್ಳುತ್ತಾರೆ. ನಿಮ್ಮ ಊಹೆಯನ್ನೇ ಮುಂದಿಟ್ಟು ಕೇಳಿ. ನಾನು ಕೇಳಿದ್ದು, "ಮೇಷ್ಟ್ರೆ, ಸಂಪು ತೊಳೆಯೋರು ಇಳಿದಿದಾರೆ, ಮೋಟರು ಹಾಕ್ಬೇಡಿ ಅಂತ ಅಲ್ವಾ ನೀವು ಹೇಳಿದ್ದು? ಫೋನು ಏನೋ ಬೇರೆ ಬರ್ಕೊಂಡಿದೆ." ಅವರು "ಹೌದಪ್ಪಾ, ಇಬ್ರು ಒಳಗಿದಾರೆ. ಅದೇನ್ ಬರ್ಕೊಂಡಿದೆ?" ಅಂದರು. ಮುಗಿಯಿತು. ತಪ್ಪು ಫೋನಿನ ಮೇಲೆ ಹೋಯಿತು, ಮತ್ತು ಅದು ಸುಳ್ಳೂ ಅಲ್ಲ.

ಜೀವದ ಮಾತಲ್ಲದಿದ್ದರೆ ಫೋನಿನ ಬದಲು ಖಾಸಗಿ ಮೆಸೇಜು ಸಾಕು. ಆಂಡ್ರಾಯ್ಡ್‌ನಲ್ಲಿ ಗ್ರೂಪಿನ ಆ ಮೆಸೇಜನ್ನ ಒತ್ತಿ ಹಿಡಿದು, ಮೇಲಿನ ಮೂರು ಚುಕ್ಕೆ ಮುಟ್ಟಿದರೆ `Reply privately` ಸಿಗುತ್ತದೆ. ಅವರ ಸ್ವಂತ ಚಾಟು ತೆರೆದುಕೊಂಡು, ಯಾವ ಮೆಸೇಜಿನ ಬಗ್ಗೆ ಮಾತು ಅನ್ನೋದೂ ಮೇಲೆ ಕಾಣುತ್ತದೆ. ಕಳಿಸುವ ಮೊದಲು ಪರದೆಯ ತಲೆಯಲ್ಲಿ ಗ್ರೂಪಿನ ಹೆಸರಿದೆಯೋ ಆ ವ್ಯಕ್ತಿಯ ಹೆಸರಿದೆಯೋ ನೋಡಿ. ನಾನೊಮ್ಮೆ ನೋಡದೆ "ಆಂಟಿ, ಆ ರಿಪೋರ್ಟು ನಿಮ್ಮ ಮನೆಯವರಿಗೆ ಕಳಿಸೋದಿತ್ತಾ" ಅಂತ ಗ್ರೂಪಿಗೇ ಹಾಕಿದ್ದೇನೆ. ಅದರವರೆಗೂ ರಿಪೋರ್ಟು ತೆರೆದು ನೋಡದಿದ್ದವರೂ ಆಮೇಲೆ ನೋಡಿದರು.

ಖಾಸಗಿಯಾಗಿ ಹೇಳುವುದಾದರೆ ಬೇಗ ಹೇಳಿದರೆ ಲಾಭ. ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜನ್ನ ತಿದ್ದಲು 15 ನಿಮಿಷ ಅವಕಾಶವಿದೆ. ಅಷ್ಟರೊಳಗೆ ಅವರಿಗೆ ಗೊತ್ತಾದರೆ `Edit` ಒತ್ತಿ ಸರಿಮಾಡಿಬಿಡಬಹುದು, ಮೂಲೆಯಲ್ಲಿ ತಿದ್ದಿದ ಗುರುತು ಬರುತ್ತದೆ ಅಷ್ಟೆ. ಅದು ದಾಟಿದರೆ ಅಳಿಸೋದೊಂದೇ ದಾರಿ, ಅದಕ್ಕೆ ಎರಡು ದಿನಕ್ಕಿಂತ ತುಸು ಹೆಚ್ಚು ಸಮಯವಿದೆ. ಅಳಿಸುವಾಗ `Delete for everyone` ಒತ್ತಬೇಕು ಅಂತ ಹೇಳಿಕೊಡಿ. ಗಾಬರಿಯಲ್ಲಿ `Delete for me` ಒತ್ತಿದರೆ ಅವರ ಫೋನಿನಿಂದ ಮಾತ್ರ ಮಾಯವಾಗುತ್ತದೆ, ಊರಿಗೆಲ್ಲ ಕಾಣುತ್ತಿರುತ್ತದೆ. ಅವರಿಂದ ಆಗದಿದ್ದರೆ ಅಡ್ಮಿನ್ ಆದವರು ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಅಳಿಸಬಹುದು, ಆದರೆ ಅಡ್ಮಿನ್ ಅಳಿಸಿದ್ದು ಅಂತ ಅಲ್ಲೇ ಬರೆದು ತೋರಿಸುತ್ತದೆ. ಆದ್ದರಿಂದ ಅವರನ್ನ ಕೇಳಿಯೇ ಮಾಡಿ.

ತಿದ್ದಿದ್ದಕ್ಕೆ ಒಂದು ಮಿತಿ ಇದೆ. ಮೊದಲೇ ಓದಿ ಮುಗಿಸಿದವರಿಗೆ ತಿದ್ದುಪಡಿಯ ಹೊಸ ನೋಟಿಫಿಕೇಶನ್ ಹೋಗುವುದಿಲ್ಲ. ಮೇಷ್ಟ್ರು 7.15ಕ್ಕೆ ಮೆಸೇಜು ಸರಿಮಾಡಿದ್ದರೂ 7.11ಕ್ಕೆ ಓದಿದ ಹುಡುಗನಿಗೆ ಅದು ತಿಳಿಯುತ್ತಿರಲಿಲ್ಲ. ಜನ ಆಗಲೇ ತಪ್ಪಾಗಿ ತಿಳಿದುಕೊಂಡಿದ್ದರೆ ಹೊಸ ಸಾಲು ಬೇಕೇ ಬೇಕು.

ಖಾಸಗಿಯೇ ಸರಿಯಾದ ಒಂದು ಸಂದರ್ಭ

ನಮ್ಮ ಕಸಿನ್‌ಗಳ ಗ್ರೂಪಿನಲ್ಲಿ ಒಂದು ರಾತ್ರಿ ಅತ್ತಿಗೆ ಹಾಕಿದ್ದು ಎರಡೇ ಪದ: `Ajji hogbitru`. ಅಜ್ಜಿ ಹೋಗ್ಬಿಟ್ರು. ನಮ್ಮ ಭಾಷೆಯಲ್ಲಿ ಈ ಕ್ರಿಯಾಪದ ಎಷ್ಟು ಅಪಾಯದ್ದು ಅಂತ ಗೊತ್ತಲ್ಲ. ಎರಡು ನಿಮಿಷದೊಳಗೆ ಕೈಮುಗಿಯುವ ಚಿಹ್ನೆ ಬಂತು, ಓಂ ಶಾಂತಿ ಬಂತು, ಅಮೆರಿಕದಲ್ಲಿರೋ ತಮ್ಮ "ಟಿಕೆಟ್ ನೋಡ್ತಿದೀನಿ" ಅಂದ. ಆಮೇಲೆ ಅತ್ತಿಗೆಯ ಎರಡನೇ ಮೆಸೇಜು: `8 gante bus ge, nange helade`. ಅಜ್ಜಿ ಎಂಟು ಗಂಟೆಯ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟುಬಿಟ್ಟಿದ್ದರು, ಹೇಳದೆ ಹೋದದ್ದಕ್ಕೆ ಅತ್ತಿಗೆಗೆ ಸಿಟ್ಟು.

ಸಾವು, ಆಸ್ಪತ್ರೆ, ಗರ್ಭ, ಮದುವೆ ಮುರಿದದ್ದು, ಇಂಥದ್ದರ ಬಗ್ಗೆ ಮೆಸೇಜು ಎರಡು ಅರ್ಥ ಕೊಡುತ್ತಿದ್ದರೆ ಗ್ರೂಪಿನಲ್ಲಿ "ಏನಾಯ್ತು?" ಅಂತಲೂ ಕೇಳಬೇಡಿ. ಆ ಒಂದು ಪ್ರಶ್ನೆಯೇ ಉಳಿದವರಿಗೆ ಸುದ್ದಿಯಂತೆ ಕಾಣುತ್ತದೆ. ಬರೆದವರಿಗೆ ನೇರ ಫೋನು ಮಾಡಿ. ಅವರು ಎತ್ತದಿದ್ದರೆ ಅದೇ ಮನೆಯ ಇನ್ನೊಬ್ಬರಿಗೆ ಮಾಡಿ, "ಅಜ್ಜಿ ಎಲ್ಲಿದ್ದಾರೆ?" ಅಂತ ಸಾದಾ ಪ್ರಶ್ನೆ ಕೇಳಿ. "ಅಜ್ಜಿ ಹೋದ್ರಂತೆ ಹೌದಾ?" ಅಂತ ಮಾತ್ರ ಕೇಳಬೇಡಿ. ಗ್ರೂಪಿನಲ್ಲಿ ಗೊಂದಲ ಆಗಲೇ ಎದ್ದಿದ್ದರೆ ತಿಳಿದುಕೊಂಡ ಮೇಲೆ ಒಂದು ಸಾಲು ಸಾಕು: "ಅಜ್ಜಿ ಆರಾಮಾಗಿದ್ದಾರೆ, ಶಿವಮೊಗ್ಗದ ಬಸ್ಸಲ್ಲಿದ್ದಾರೆ." ಓಂ ಶಾಂತಿ ಹಾಕಿದವರ ಮೇಲೆ ಜೋಕು ಮಾಡುವ ಆಸೆ ಬರುತ್ತದೆ, ಅದು ಒಂದು ವಾರ ತಡೆದರೆ ಒಳ್ಳೆಯದು. ಅಜ್ಜಿಯೇ ಮುಂದೆ ಅದನ್ನ ಎಲ್ಲರಿಗಿಂತ ಚೆನ್ನಾಗಿ ಹೇಳಿಕೊಂಡು ನಕ್ಕರು.

ಖಾಸಗಿ ಮೆಸೇಜು ಸಾಲದ, ಫೋನೇ ಮಾಡಬೇಕಾದ ಎರಡು

ಯಾವತ್ತೂ ನೀಟಾಗಿ ಬರೆಯುವವರು ಇದ್ದಕ್ಕಿದ್ದಂತೆ ಅಕ್ಷರ ಅಕ್ಷರವೇ ಕಲಸಿದ ಮೆಸೇಜು ಹಾಕಿ, ಏನು ಅಂತ ಕೇಳಿದ್ದಕ್ಕೆ ಬಂದ ಉತ್ತರವೂ ಹಾಗೇ ಇದ್ದರೆ ಟೈಪಿಂಗಿನ ಬಗ್ಗೆ ಯೋಚಿಸಬೇಡಿ, ಫೋನು ಮಾಡಿ ಮಾತಾಡಿಸಿ. ಪಾರ್ಶ್ವವಾಯು ಹೊಡೆದಾಗ ಮಾತು ತೊದಲುವ ಹಾಗೆಯೇ ಬರೆಯುವುದೂ ಕಲಸಿಹೋಗಬಹುದು. ಮಾತು ತೊದಲುತ್ತಿದೆಯೇ, ಮುಖ ಒಂದು ಕಡೆ ಜೋತಿದೆಯೇ, ಎರಡೂ ಕೈ ಎತ್ತಿ ಹಿಡಿಯಲು ಆಗುತ್ತಿಲ್ಲವೇ ಅಂತ ಮನೆಯಲ್ಲಿರುವವರನ್ನ ನೋಡಲು ಹೇಳಿ. ಒಂದಾದರೂ ಇದ್ದರೆ 108. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧಿಯನ್ನ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹಾಗಾಗಿ ಅವರು ಕೊನೆಯದಾಗಿ ಸರಿಯಾಗಿ ಬರೆದ ಮೆಸೇಜಿನ ಸಮಯವನ್ನ ಡಾಕ್ಟರಿಗೆ ಹೇಳಿದರೆ ಉಪಯೋಗವಾಗುತ್ತದೆ. ಒಬ್ಬರೇ ಇರುವವರಾದರೆ ಪಕ್ಕದ ಮನೆಯವರಿಗೆ ಫೋನು ಮಾಡಿ. ಗ್ರೂಪಿನಲ್ಲಿ ನಿಮ್ಮ ಅನುಮಾನ ಬರೆಯುವ ಅಗತ್ಯವಿಲ್ಲ.

ಎರಡನೆಯದು, ಸದಾ ಕನ್ನಡದಲ್ಲಿ ಬರೆಯುವವರಿಂದ ಹರಕು ಇಂಗ್ಲಿಷಿನಲ್ಲಿ ಒಂದು ಮದುವೆ ಕಾರ್ಡು ಬರುತ್ತದೆ, ಫೈಲಿನ ಹೆಸರು `.apk` ಅಂತ ಮುಗಿಯುತ್ತದೆ. ಆಮಂತ್ರಣ ಪತ್ರಿಕೆ ಫೋಟೋ ಆಗಿರುತ್ತದೆ ಅಥವಾ ಪಿಡಿಎಫ್ ಆಗಿರುತ್ತದೆ, ಆ್ಯಪ್ ಆಗಿರುವುದಿಲ್ಲ. ಅವರ ಖಾತೆ ಬೇರೆಯವರ ಕೈಗೆ ಹೋಗಿರಬಹುದು. ಇಲ್ಲಿ `Reply privately` ಮಾಡಿ "ಇದು ನೀವೇ ಕಳಿಸಿದ್ದಾ?" ಅಂತ ಕೇಳಿದರೆ ಉತ್ತರ ಕೊಡುವವನು ಕಳ್ಳನೇ ಆಗಿರಬಹುದು, "ಹೌದು, ಓಪನ್ ಮಾಡಿ" ಅಂತಾನೆ. ಆದ್ದರಿಂದ ಮಾಮೂಲಿ ಫೋನ್ ಕಾಲ್ ಮಾಡಿ. ಅದಕ್ಕೂ ಮೊದಲು ಗ್ರೂಪಿನಲ್ಲಿ "ಆ ಫೈಲನ್ನ ಯಾರೂ ತೆರೆಯಬೇಡಿ" ಅಂತ ಹಾಕಿ, ಅಡ್ಮಿನ್ ಆಗಿದ್ದರೆ ಅಳಿಸಿಬಿಡಿ. ಈ ಒಂದರಲ್ಲಿ ಮಾತ್ರ ಕೇಳಿ ಅಳಿಸುವ ನಿಯಮ ಬಿಟ್ಟುಬಿಡಿ.

ಐದು: ತಡೆದದ್ದನ್ನ ಬಿಡಿಸಿ

ತಡೆ ಹಾಕಿದವರು ಅದನ್ನ ತೆಗೆಯಲು ಮರೆಯುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೂ "ಮೋಟರ್ ಹಾಕಬಹುದಾ?" ಅಂತ ಜನ ಕೇಳುತ್ತಿದ್ದರೆ ಮುಂದಿನ ಸಲ ನಿಮ್ಮ ತಡೆ ಸಾಲಿಗೆ ಬೆಲೆ ಇರುವುದಿಲ್ಲ. ಅವತ್ತು ಎರಡು ಸಾಲು ಹೋದವು. 7.16ಕ್ಕೆ: "ಖಚಿತವಾಯ್ತು. ಸಂಪು ತೊಳೆಯುವವರು ಒಳಗಿದ್ದಾರೆ. ಮೇಷ್ಟ್ರು ಸಮಯಕ್ಕೆ ತಿಳಿಸಿದ್ದಕ್ಕೆ ಧನ್ಯವಾದ. ಮತ್ತೆ ಹೇಳುವವರೆಗೆ ಎಂಸಿಬಿ ಮುಟ್ಟಬೇಡಿ." ಕೆಲಸದವರಿಬ್ಬರೂ ಮೇಲೆ ಬಂದದ್ದನ್ನ ವಾಚ್‌ಮನ್ ಕಣ್ಣಾರೆ ನೋಡಿ ಹೇಳಿದ ಮೇಲೆ 8.40ಕ್ಕೆ: "ಇಬ್ಬರೂ ಮೇಲೆ ಬಂದರು. ಮೋಟರ್ ಹಾಕಬಹುದು."

ಮೊದಲನೆಯದರಲ್ಲಿ ಮೇಷ್ಟ್ರ ಹೆಸರು ಹಾಕಿದ್ದು ಬೇಕಂತಲೇ. ಅಷ್ಟು ಹೊತ್ತಿಗೆ ಒಬ್ಬರು ಅವರ ಮೆಸೇಜಿಗೆ ನಗುವ ರಿಯಾಕ್ಷನ್ ಒತ್ತಿದ್ದರು. ಅವರು ಹೇಳಬೇಕಾದದ್ದನ್ನ ಹೇಳಿದ್ದರು, ಬರೆದುಕೊಂಡದ್ದು ಫೋನು. ನಗು ಒತ್ತಿದವರಿಗೆ ನಾನೇನೂ ಹೇಳಲಿಲ್ಲ, ಹತ್ತು ನಿಮಿಷದಲ್ಲಿ ಅವರೇ ತೆಗೆದರು.

ಮೂರನೇ ಮಹಡಿಯ ಹುಡುಗನಿಗೆ ಮಾತ್ರ ಬೇರೆಯಾಗಿ ಫೋನು ಮಾಡಿದೆ. ಅವನು ಹಲ್ಲುಜ್ಜಿಕೊಂಡು ಹೋಗೋಣ ಅಂತ ಬಾತ್‌ರೂಮಿನಲ್ಲಿದ್ದ, ಗ್ರೂಪು ನೋಡಿರಲಿಲ್ಲ.

ಸಂಜೆ ಮೇಷ್ಟ್ರ ಮನೆಗೆ ಹೋಗಿ, ಮೈಕ್ ಒತ್ತಿ ಮಾತಾಡಿದ ಮೇಲೆ ಒಮ್ಮೆ ಓದಿ ಕಳಿಸೋದು ಹೇಗೆ ಅಂತ ತೋರಿಸಿದೆ. ಬೇಡ ಅನ್ನುವ ಮಾತಿದ್ದಾಗ "ಹಾಕಬೇಡಿ" ಅಂತ ಹೇಳುವ ಬದಲು "ಮೋಟರ್ ಆಫ್ ಇರಲಿ" ಅನ್ನಿ, ಫೋನಿಗೆ ತಿರುಚಲು ಜಾಗ ಕಡಿಮೆ ಅಂದೆ. ಕಾಫಿ ಕೊಟ್ಟು ಎಲ್ಲ ಕೇಳಿಸಿಕೊಂಡರು. ಮಾರನೇ ದಿನದಿಂದ ಅವರು ಟೈಪಿಂಗನ್ನೇ ಬಿಟ್ಟು ವಾಯ್ಸ್ ನೋಟ್ ಕಳಿಸಲು ಶುರುಮಾಡಿದರು. ಒಂದೊಂದೂ ಮೂರು ನಿಮಿಷದ್ದು, ವಿಷಯ ಬರುವುದು ಕೊನೆಯ ಹತ್ತು ಸೆಕೆಂಡಿನಲ್ಲಿ.